ಸಹಾಯ ಬೇಕು: ಶೂನ್ಯ ಕಳೆದರೆ ನರಕೋಶ ಸುಮ್ಮನಾಗುವುದು ಹೇಗೆ?

ನಮಸ್ಕಾರ. ಡೊಂಬಿವಲಿಯ ನಮ್ಮ ಮನೆಯಲ್ಲಿ, ನರಕೋಶ ಸಿಡಿಯುತ್ತದೆಯೇ, ಅಂದರೆ ಸಂಕೇತ ಕಳಿಸುತ್ತದೆಯೇ ಎಂದು ಕೇಳುವ ಮಗಳ ಲೆಕ್ಕವೊಂದು ವಾದ ಎಬ್ಬಿಸಿದೆ. ನರಕೋಶದ ವಿಶ್ರಾಂತಿ ಮಟ್ಟ −70 ಮಿಲಿವೋಲ್ಟ್. ಆಕ್ಸಾನ್ ಬುಡದ ಹೊಸ್ತಿಲು −55. ಪ್ರತಿ ಪ್ರಚೋದಕ ಸಿನಾಪ್ಸ್ ಅಲ್ಲಿಗೆ 1 ಮಿಲಿವೋಲ್ಟ್ ಏರಿಕೆ ತಲುಪಿಸುತ್ತದೆ. ಇಪ್ಪತ್ತು ಒಟ್ಟಿಗೆ ಬಂದರೆ −50, ಹೊಸ್ತಿಲು ದಾಟಿತು. ಆಗಲೇ ಕೋಶಕಾಯದ ಮೇಲಿನ ಪ್ರತಿಬಂಧಕ ಸಿನಾಪ್ಸ್ ಕ್ಲೋರೈಡ್ ಬಾಗಿಲು ತೆರೆಯುತ್ತದೆ. ಕ್ಲೋರೈಡ್ ಸಮತೋಲವೂ −70, ಆದ್ದರಿಂದ ಒಂಟಿಯಾಗಿ ಅದು ಏನನ್ನೂ ಇಳಿಸುವುದಿಲ್ಲ. ಕಳೆಯಲು ಏನಿದೆ ಎಂಬುದು ನನ್ನ ಹಟ. ಉತ್ತರದಲ್ಲಿ ಮಾತ್ರ ‘ಸಿಡಿಯದು’ ಎಂದಿದೆ. ಬಾಗಿಲು ತೆರೆದಾಗ ಕೋಶದ ರೋಧ ಅರ್ಧವಾಗಿ, ತೂತುಬಿದ್ದ ಕೊಳವೆಯಂತೆ, 20ರ ಏರಿಕೆ ಸುಮಾರು 10ಕ್ಕೆ ಕುಸಿಯುತ್ತದೆ, ಅಂದರೆ −60 ಎನ್ನುತ್ತಾಳೆ ಮಗಳು. ಸರಿ, ಸೋತೆ. ಆದರೆ ಅದೇ ಪ್ರತಿಬಂಧಕ ಬೇರೊಂದು ಡೆಂಡ್ರೈಟಿನ ತುದಿಯಲ್ಲಿದ್ದರೆ, ಅಥವಾ ಅದರ ಬಾಗಿಲು 30 ಮಿಲಿಸೆಕೆಂಡು ಮೊದಲೇ ಮುಚ್ಚಿದ್ದರೆ, ಆಗಲೂ ಅರ್ಧ ಮಾಡಬೇಕೆ? ತಿಳಿದವರು ದಯವಿಟ್ಟು ಹಂತಹಂತವಾಗಿ ಬರೆಯಿರಿ.