ಲ್ಯಾಚ್ ಪ್ಲೇಟಿನ ತೂತಿಗೆ ಬೀಳವಲ್ದು, ಸ್ಕ್ರೂ ಬಿಗಿ ಮಾಡಿದ್ರೂ ಅಷ್ಟ

ಎರಿಹೊಲ:
ಎರಡು ದಿನದಿಂದ ತಲಿ ಕೆಟ್ಟೈತ್ರಿ. ಮಲಗೋ ಖೋಲಿ ಬಾಗಲಾ ಹಾಕಿದ್ರ ಲ್ಯಾಚ್ ಚೌಕಟ್ಟಿನ ಪ್ಲೇಟಿಗೆ ಬಡದು ಅಲ್ಲೇ ನಿಲ್ತೈತಿ, ತೂತಿನಾಗ ಬೀಳಂಗಿಲ್ಲ. ಎಣ್ಣಿ ಬಿಟ್ಟೆ, ಸ್ಕ್ರೂ ಬಿಗಿ ಮಾಡಿದೆ. ಹೊಸಾ ಲಾಕ್ ತರಬೇಕೇನ್ರಿ?

ತೇಗದಹಲಗೆ:
ಲಾಕ್ ತರಬೇಡಿ. ಮೇಲಿನ ಹಿಂಜ್ ಸಡಿಲ ಆಗಿ ಬಾಗಿಲು ಜೋತಿದೆ, ಅಷ್ಟೇ. ಆ ಹಿಂಜಿನ ಒಂದು ಸ್ಕ್ರೂ ತೆಗೆದು 2 ಇಂಚಿನದು ಹಾಕಿ. ಸಾಲದಿದ್ರೆ ಕೆಳಗಿನ ಹಿಂಜಿನ ಹಿಂದೆ ಒಂದು ರಟ್ಟಿನ ತುಂಡು ಇಡಿ, ಲಾಕ್ ಕಡೆ ಮೇಲಕ್ಕೇಳುತ್ತೆ.

ಕಡಲತಡಿ:
ಮಳೆಗೆ ಮರ ಉಬ್ಬಿರ್ತದೆ ಮಾರಾಯ್ರೆ. ಅಂಚನ್ನು ಸ್ವಲ್ಪ ಕೀಸಿಸಿ.

ಎರಿಹೊಲ:
ಗದಗಿನ್ಯಾಗ ಮೇ ತಿಂಗಳದಾಗ ಎಲ್ಲಿ ಮಳಿರಿ? ಬಾಗಲಾ ಎಲ್ಲೂ ತಿಕ್ಕಂಗಿಲ್ಲ. 2 ಇಂಚಿನ ಸ್ಕ್ರೂ ಹಾಕಿದೆ, ಏನೂ ಫರಕ್ ಇಲ್ಲ.

ತೇಗದಹಲಗೆ:
ಹಾಗಾದ್ರೆ ರಟ್ಟು ಇಡಿ. ಹಿಂಜೇ ಕಾರಣ.

ಉಳಿಬಾಚಿ:
ರಟ್ಟು ಇಡೋ ಮೊದಲು ಒಂದು ನಿಮಿಷ. ಲ್ಯಾಚ್ ತೂತಿನ ಮೇಲಂಚಿಗೆ ಬಡೀತಿದೆಯೋ ಕೆಳಂಚಿಗೋ, ಅದನ್ನ ಯಾರೂ ಕೇಳೇ ಇಲ್ಲ. ಕುಂಕುಮಕ್ಕೆ ಎರಡು ಹನಿ ಎಣ್ಣೆ ಕಲಸಿ ಲ್ಯಾಚಿನ ಮೂತಿಗೆ ಹಚ್ಚಿ, ಬಾಗಿಲು ಮೆಲ್ಲಗೆ ಹಾಕಿ ತೆಗೀರಿ. ಗುರುತು ಎಲ್ಲಿ ಬಿತ್ತು ಹೇಳಿ. ಬಾಗಿಲ ತಲೆಗೂ ಚೌಕಟ್ಟಿಗೂ ನಡುವಿನ ಸಂದಿ ಲಾಕ್ ಕಡೆ ಎಷ್ಟಿದೆ, ಹಿಂಜ್ ಕಡೆ ಎಷ್ಟಿದೆ, ಅದೂ ಬೇಕು.

ಎರಿಹೊಲ:
ಗುರುತು ತೂತಿನ ಮ್ಯಾಲಿನ ಅಂಚಿನ ಮ್ಯಾಲ ಬಿದ್ದೈತಿ, 2 ಮಿ.ಮೀ. ಆಗಬಹುದು. ಸಂದಿ ಹಿಂಜ್ ಕಡೆ 4, ಲಾಕ್ ಕಡೆ 1 ಮಿ.ಮೀ. ಹಾಂ, ಹೇಳೋದು ಮರ್ತಿದ್ದೆ, ಬಾಗಲದ ಮ್ಯಾಲಿನ ಮೂಲಿಯಿಂದ ಗ್ವಾಡಿಯಾಗ ಓರೆಯಾಗಿ ಒಂದು ಬಿರುಕು ಬಿಟ್ಟೈತ್ರಿ.

ಉಳಿಬಾಚಿ:
ಇದನ್ನೇ ಮೊದಲು ಹೇಳಬೇಕಿತ್ತು. ಬಾಗಿಲು ಜೋತಿದ್ರೆ ಲ್ಯಾಚ್ ಕೆಳಗಿಳಿದು ಕೆಳಂಚಿಗೆ ಬಡೀತಿತ್ತು, ಲಾಕ್ ಕಡೆಯ ಸಂದಿ ಅಗಲ ಆಗ್ತಿತ್ತು. ನಿಮ್ಮಲ್ಲಿ ಎರಡೂ ಉಲ್ಟಾ. ಬಾಗಿಲು ಇದ್ದಲ್ಲೇ ಇದೆ, ಚೌಕಟ್ಟಿನ ಲಾಕ್ ಕಡೆಯ ಕಂಬ ಸುಮಾರು 3 ಮಿ.ಮೀ. ಕುಸಿದಿದೆ. ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದು ನೋಡಿ. 2100 ಕ್ಕೆ 900ರ ಬಾಗಿಲಲ್ಲಿ 3 ಮಿ.ಮೀ. ಕುಸಿದ್ರೆ ಎರಡು ಅಳತೆಗಳ ನಡುವೆ 5-6 ಮಿ.ಮೀ. ವ್ಯತ್ಯಾಸ ಬರುತ್ತೆ. ಈಗ ರಟ್ಟು ಇಟ್ರೆ ಲ್ಯಾಚ್ ಇನ್ನೂ ಮೇಲಕ್ಕೆ ಹೋಗುತ್ತೆ, ಬಾಗಿಲ ತಲೆಯೂ ತಾಗುತ್ತೆ. ಅದರ ಬದಲು ಪ್ಲೇಟಿನ ತೂತಿನ ಮೇಲಂಚಿಗೆ ಅರ ಹಾಕಿ.

ಡಿಜಿಟಲ್‌ಬೀಗ:
ಇದಕ್ಕೇ ಮ್ಯಾಗ್ನೆಟಿಕ್ ಲಾಕ್ ಹಾಕ್ಕೋಬೇಕು ಅನ್ನೋದು. ನಮ್ಮನೇಲಿ ನಾಲ್ಕು ಬಾಗಿಲಿಗೂ ಅದೇ, ಫೋನಲ್ಲೇ ತೆಗೆಯೋದು.

ತೇಗದಹಲಗೆ:
ಕಂಬ ಕುಸಿದ್ರೆ ಅದೂ ಕೂರಲ್ಲ ಸ್ವಾಮಿ.
ಸರಿ, ಹಿಂಜ್ ಅಲ್ಲ ಅಂತ ಒಪ್ಪಿದೆ. ಹಾಗಿದ್ರೆ ಪ್ಲೇಟನ್ನ 3 ಮಿ.ಮೀ. ಮೇಲೆ ಸರಿಸಿದ್ರೆ ಮುಗೀತಲ್ಲ, ಅರ ಯಾಕೆ?

ಉಳಿಬಾಚಿ:
ಎರಡು ಕಾರಣ. ಗದಗಿನ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತೆ, ಮಳೆ ಕುಡಿದು ಉಬ್ಬುತ್ತೆ. ಕಂಬ ಮತ್ತೆ ಮೇಲೆದ್ರೆ ಸರಿಸಿದ ಪ್ಲೇಟೂ ಅದರ ಜೊತೆ ಏರಿ, ಲ್ಯಾಚ್ ಕೆಳಂಚಿಗೆ ಬಡಿಯುತ್ತೆ. ತೂತನ್ನೇ ಮೇಲಕ್ಕೆ ಉದ್ದ ಮಾಡಿದ್ರೆ ಎರಡೂ ಕಾಲಕ್ಕೆ ಆಗುತ್ತೆ. ಇನ್ನೊಂದು, 3 ಮಿ.ಮೀ. ಸರಿಸಿದ್ರೆ ಹೊಸ ಸ್ಕ್ರೂ ತೂತು ಹಳೇದರ ಅರ್ಧಕ್ಕೆ ಬೀಳುತ್ತೆ. ಬಿಗಿ ಮಾಡ್ತಾ ಮಾಡ್ತಾ ಸ್ಕ್ರೂ ಹಳೇ ತೂತಿಗೇ ಜಾರಿ, ಪ್ಲೇಟ್ ಮೊದಲಿನ ಜಾಗಕ್ಕೆ ಬಂದು ಕೂರುತ್ತೆ.

ಪ್ಲೇಟ್ ಬಿಚ್ಚಿ, ಎರಡು ಮರದ ತುಂಡುಗಳ ನಡುವೆ ವೈಸ್‌ಗೆ ಕಚ್ಚಿಸಿ. 6 ಇಂಚಿನ ಚಪ್ಪಟೆ ಅರ ಸಾಕು. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ, ಹಿಂದಕ್ಕೆ ಎಳೆಯುವಾಗ ಎತ್ತಿಕೊಳ್ಳಿ. ಕುಂಕುಮದ ಗುರುತಿಗಿಂತ 1 ಮಿ.ಮೀ. ಹೆಚ್ಚು, ಅಂದ್ರೆ ಒಟ್ಟು 3 ಮಿ.ಮೀ. ತೆಗೀರಿ. ಆಮೇಲೆ ಹಿಂದಿನ ಮರವನ್ನೂ ಅಷ್ಟೇ ಎತ್ತರಕ್ಕೆ ಅರ್ಧ ಇಂಚಿನ ಉಳಿಯಿಂದ ಕೆತ್ತಬೇಕು. ಇದನ್ನ ಬಿಟ್ಟು ಬರೀ ಪ್ಲೇಟ್ ಅರ ಹಾಕಿ, ಲ್ಯಾಚ್ ಅರ್ಧಕ್ಕೇ ನಿಲ್ತು ಅಂತ ಗೊಣಗೋರೇ ಜಾಸ್ತಿ.

ತೇಗದಹಲಗೆ:
ಹಳೇ ತೂತಿಗೆ ಬೆಂಕಿಕಡ್ಡಿ, ಫೆವಿಕಾಲ್ ತುಂಬಿದ್ರೆ ಸ್ಕ್ರೂ ಜಾರಲ್ಲ.

ಉಳಿಬಾಚಿ:
ಬೆಂಕಿಕಡ್ಡಿ ಮೆತ್ತಗಿನ ಮರ. ಬಿದಿರ ಕಡ್ಡಿ ಬಡಿದು ಒಂದು ರಾತ್ರಿ ಒಣಗಿಸಿ, 2 ಮಿ.ಮೀ. ಡ್ರಿಲ್ ಹಾಕಿ ಸ್ಕ್ರೂ ಕೂರಿಸೋದು ಮೇಲು.

ತೇಗದಹಲಗೆ:
ಬೆಂಕಿಕಡ್ಡಿ ಹಾಕಿದ್ದು ಬಿಚ್ಚಿಕೊಂಡಿದ್ದು ನಾನಂತೂ ನೋಡಿಲ್ಲ.

ಎರಿಹೊಲ:
ಕರ್ಣದ ಅಳತಿ 5 ಮಿ.ಮೀ. ಫರಕ್ ಬಂತ್ರಿ. ಅರಾ ಹಾಕಿ ಮರಾ ಕೆತ್ತಿದೆ, ಲ್ಯಾಚ್ ಟಕ್ ಅಂತ ಬಿತ್ತು! ಆದ್ರ ಕೀಲಿ ತಿರುಗಿಸಿದ್ರ ಕೆಳಗಿನ ಬೋಲ್ಟ್ ಇನ್ನೂ ಅದರ ತೂತಿನ ಮ್ಯಾಲಂಚಿಗೆ ಬಡೀತೈತಿ. ಅದಕ್ಕೂ 3 ಮಿ.ಮೀ. ಅರಾ ಹಾಕ್ಲಾ?

ಉಳಿಬಾಚಿ:
ತಡೀರಿ. ಎರಡು ತೂತುಗಳ ನಡುವೆ ಉಳಿದಿರೋ ಪಟ್ಟಿ ಎಷ್ಟು ಅಗಲ ಇದೆ? ಬೋಲ್ಟಿನ ತೂತು ಮೇಲಕ್ಕೆ ಬೆಳೆದಷ್ಟೂ ಆ ಪಟ್ಟಿ ಸಣ್ಣ ಆಗುತ್ತೆ. ಅರ ಹಾಕಿದ ಮೇಲೆ 5 ಮಿ.ಮೀ.ಗಿಂತ ಕಡಿಮೆ ಉಳಿಯೋದಾದ್ರೆ ನಾನು ಮುಟ್ಟಲ್ಲ, ಬಾಗಿಲು ಬಡಿದಾಗ ಬಾಗುತ್ತೆ. ಆಗ ತೂತು ದೊಡ್ಡದಿರೋ ಬೇರೆ ಪ್ಲೇಟ್ ಹುಡುಕಬೇಕು. ಬಿರುಕಿನ ಎರಡೂ ಕಡೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ, ಮಳೆ ಬಿದ್ದ ಮೇಲೆ ಅದು ಕೂಡದಿದ್ರೆ ಬುನಾದಿ ನೋಡೋರನ್ನ ಕರೆಸಿ.

ಎರಿಹೊಲ:
ಪಟ್ಟಿ 7 ಮಿ.ಮೀ. ಐತ್ರಿ.

ಡಿಜಿಟಲ್‌ಬೀಗ:
ಫೋನ್ ಲಾಕಿಗೆ ಈ ತಲೆನೋವೇ ಇಲ್ಲ ನೋಡಿ.