ಹಾಲ್‌ಗೆ 18 ಅಡಿ ಬೀಮ್: 9×18 ಹಾಕಬೇಕಾ, ಮಲಗಿಸಿ 18×9 ಹಾಕಬಹುದಾ?

ಮೂರ್ನಾಡು ಹೊಸಮನೆ:
ಎಲ್ಲರಿಗೂ ನಮಸ್ಕಾರ. ಮೂರ್ನಾಡಿನ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಹಾಲ್ ಮತ್ತು ಊಟದ ಜಾಗದ ನಡುವೆ ಗೋಡೆ ಇಲ್ಲ, ಅದರ ಬದಲು ಪಿಲ್ಲರ್‌ನಿಂದ ಪಿಲ್ಲರ್‌ಗೆ 18 ಅಡಿಯ ಒಂದು ಬೀಮ್ ಇದೆ. ಎರಡೂ ಕಡೆ 12 ಅಡಿ ಸ್ಲ್ಯಾಬ್ ಅದರ ಮೇಲೆ ಕೂರುತ್ತದೆ. ಸ್ಲ್ಯಾಬ್ 5 ಇಂಚು. ಡ್ರಾಯಿಂಗ್‌ನಲ್ಲಿ ಬೀಮ್ 9 ಇಂಚು ಅಗಲ, 18 ಇಂಚು ಎತ್ತರ ಅಂತ ಇದೆ.

ಈಗ ಸೆಂಟ್ರಿಂಗ್ ಹೊಡೆಯುವಾಗ ಮೇಸ್ತ್ರಿ ಬೇರೆ ಮಾತು ಹೇಳುತ್ತಿದ್ದಾರೆ. "ಹಾಲ್ ನಡುವೆ ಅಷ್ಟು ದೊಡ್ಡ ಬೀಮ್ ಇಳಿದರೆ ನೋಡೋಕೆ ಚೆನ್ನಾಗಿರಲ್ಲ. 18 ಇಂಚು ಅಗಲ, 9 ಇಂಚು ಎತ್ತರ ಮಾಡೋಣ. ಅದೇ ಕಾಂಕ್ರೀಟ್, ಅದೇ ಗಟ್ಟಿ" ಅಂತ. ಅಪ್ಪನಿಗೂ ಅದೇ ಇಷ್ಟ. ಮಳೆ ಹಿಡಿಯುವುದರೊಳಗೆ ಕಾಂಕ್ರೀಟ್ ಆಗಬೇಕು. ಡ್ರಾಯಿಂಗ್ ಮಾಡಿಕೊಟ್ಟವರು ಫೋನ್ ಎತ್ತುತ್ತಿಲ್ಲ. ಏನು ಮಾಡಲಿ?

ಕುಶಾಲನಗರ ಸೈಟ್:
ನಿಮ್ಮ ಮೇಸ್ತ್ರಿ ಹೇಳಿದ್ದರಲ್ಲಿ ತಪ್ಪಿಲ್ಲ. ನಾನೇ ಇಲ್ಲಿ ಒಂದು ಮನೆಗೆ 9 ಇಂಚಿನ ಕನ್ಸೀಲ್ಡ್ ಬೀಮ್ ಹಾಕಿಸಿದ್ದೇನೆ, ಒಂದು ಕೂದಲೆಳೆ ಬಿರುಕೂ ಬಂದಿಲ್ಲ. ಕಂಬಿ ಸ್ವಲ್ಪ ಜಾಸ್ತಿ ಹಾಕಿಸಿ, ಅಷ್ಟೇ. 20 ಎಂಎಂ ಮೂರು ಇದ್ದರೆ ಐದು ಮಾಡಿಸಿ.

ಮಡಿಕೇರಿ ಸ್ಟ್ರಕ್ಚರ್:
ಮೊದಲು ಒಂದು ಪ್ರಶ್ನೆ, ಸರ್. ಆ ಮನೆಯ ಬೀಮ್ ಎಷ್ಟು ಅಡಿ ಉದ್ದ?

ಕುಶಾಲನಗರ ಸೈಟ್:
11 ಅಡಿ ಮೇಡಂ. ಮಲಗುವ ಕೋಣೆ.

ಮಡಿಕೇರಿ ಸ್ಟ್ರಕ್ಚರ್:
ಅದಕ್ಕೇ ಅದು ನಿಂತಿದೆ. ಹಳೇ ಮೇಸ್ತ್ರಿಗಳ ಲೆಕ್ಕ ಎಲ್ಲರಿಗೂ ಗೊತ್ತಲ್ವಾ, ಅಡಿಗೆ ಒಂದಿಂಚು. 11 ಅಡಿಗೆ 11 ಇಂಚು. ಭಾರ ಕಮ್ಮಿ ಇದ್ದರೆ ಉದ್ದದ ಹದಿನೈದರಲ್ಲಿ ಒಂದು ಪಾಲಿನವರೆಗೂ ಇಳಿಸಬಹುದು. 11 ಅಡಿ ಅಂದರೆ 132 ಇಂಚು, ಅದರ ಹದಿನೈದರಲ್ಲಿ ಒಂದು ಪಾಲು ಹತ್ತಿರ ಹತ್ತಿರ 9 ಇಂಚು. ನಿಮ್ಮದು ಅಂಚಿನಲ್ಲಿ ಪಾಸಾಗಿದೆ. ಇಲ್ಲಿರುವುದು 18 ಅಡಿ. 9 ಇಂಚು ಅಂದರೆ ಉದ್ದದ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಅದು ಬೇರೆಯೇ ಕಥೆ.

ಮೂರ್ನಾಡಿನವರೇ, ನಿಮ್ಮ ಬೀಮ್ ಮೇಲೆ ಎಷ್ಟು ತೂಕ ಕೂರುತ್ತದೆ ನೋಡಿ. ಸ್ಲ್ಯಾಬ್, ಅದರ ಮೇಲಿನ ಫಿನಿಶಿಂಗ್, ಓಡಾಡುವ ಜನ ಎಲ್ಲ ಸೇರಿ ಒಂದು ಚದರ ಮೀಟರಿಗೆ ಸುಮಾರು 600 ಕಿಲೋ. ಎರಡೂ ಕಡೆಯ ಅರ್ಧರ್ಧ ಸ್ಲ್ಯಾಬ್ ಸೇರಿದರೆ 12 ಅಡಿ, ಅಂದರೆ 3.6 ಮೀಟರ್ ಅಗಲದ ಪಟ್ಟಿ ಈ ಬೀಮಿನದ್ದು. ಬೀಮಿನ ಸ್ವಂತ ತೂಕವೂ ಸೇರಿ ಮೀಟರಿಗೆ 2.4 ಟನ್ ಹತ್ತಿರ ಬರುತ್ತದೆ. ಒಟ್ಟು 13 ಟನ್. ಒರಟು ಲೆಕ್ಕ ಇದು, ಆದರೆ ದೂರ ಹೋಗಿಲ್ಲ.

ಈ ಭಾರಕ್ಕೆ ಬೀಮ್ ಬಾಗಲು ಹೊರಟಾಗ ಮೇಲ್ಭಾಗದ ಕಾಂಕ್ರೀಟ್ ಅದುಮಿಕೊಳ್ಳುತ್ತದೆ, ಕೆಳಗಿನ ಕಂಬಿ ಎಳೆಯಲ್ಪಡುತ್ತದೆ. ಈ ಎರಡರ ನಡುವಿನ ದೂರವೇ ಬೀಮಿನ ಹಿಡಿತ. ದೂರ ಜಾಸ್ತಿ ಇದ್ದರೆ ಕಮ್ಮಿ ಕಂಬಿಯಲ್ಲೇ ಅಷ್ಟೇ ಭಾರ ತಡೆಯಬಹುದು. ಅಗಲ ಮಾಡಿದರೆ ಈ ದೂರ ಒಂದಿಂಚೂ ಹೆಚ್ಚುವುದಿಲ್ಲ.

18 ಇಂಚಿನ ಬೀಮಿನಲ್ಲಿ ಕವರ್, ರಿಂಗ್ ಕಳೆದರೆ ಮೇಲಿನಿಂದ ಕಂಬಿಯವರೆಗೆ 16 ಇಂಚು ಸಿಗುತ್ತದೆ. 9 ಇಂಚಿನದರಲ್ಲಿ ಏಳೂವರೆ ಇಂಚು ಮಾತ್ರ. ನಾನು ಹಾಕಿ ನೋಡಿದೆ: ಎತ್ತರದ ಬೀಮಿಗೆ 20 ಎಂಎಂ ಕಂಬಿ ಮೂರು ಸಾಕು. ಮಲಗಿಸಿದ ಬೀಮಿಗೆ ಏಳು ಬೇಕು. ಕುಶಾಲನಗರದವರು ಹೇಳಿದ ಐದು ಸಾಲುವುದಿಲ್ಲ.

ಕುಶಾಲನಗರ ಸೈಟ್:
ಸರಿ, ಏಳು ಹಾಕಿದರೆ ಆಯ್ತಲ್ಲ ಮೇಡಂ? 18 ಇಂಚು ಅಗಲದಲ್ಲಿ ಏಳು ಕಂಬಿ ಆರಾಮಾಗಿ ಹಿಡಿಯುತ್ತದೆ.

ಮಡಿಕೇರಿ ಸ್ಟ್ರಕ್ಚರ್:
ಹಿಡಿಯುತ್ತದೆ, ನಿಜ. ಬೀಮ್ ಮುರಿದು ಬೀಳುವುದೂ ಇಲ್ಲ. ಆದರೆ ಜೋಲುತ್ತದೆ. ಮುರಿಯದಿರುವುದು ಒಂದು ಲೆಕ್ಕ, ಜೋಲದಿರುವುದು ಇನ್ನೊಂದು ಲೆಕ್ಕ. ಕಂಬಿ ತುಂಬಿಸಿ ಮೊದಲನೆಯದನ್ನು ಗೆಲ್ಲಬಹುದು, ಎರಡನೆಯದನ್ನು ಗೆಲ್ಲುವುದು ಕಷ್ಟ.

ಬರೀ ಆಯತದ ಬೀಮ್ ಅಂತ ಇಟ್ಟುಕೊಂಡರೆ, ಅಗಲ ಎರಡು ಪಟ್ಟು ಮಾಡಿದಾಗ ಬಾಗದೆ ನಿಲ್ಲುವ ಬಿಗಿ ಎರಡು ಪಟ್ಟಾಗುತ್ತದೆ. ಎತ್ತರ ಎರಡು ಪಟ್ಟು ಮಾಡಿದರೆ ಎಂಟು ಪಟ್ಟಾಗುತ್ತದೆ. ಹಾಗಾಗಿ ನಿಂತ 9×18 ಬೀಮ್, ಮಲಗಿದ 18×9 ಬೀಮಿಗಿಂತ ನಾಲ್ಕು ಪಟ್ಟು ಬಿಗಿ.

ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಮಾನದಂಡ ಐಎಸ್ 456 ಇದಕ್ಕೆ ಒಂದು ಸುಲಭದ ಅಳತೆ ಕೊಡುತ್ತದೆ. ಎರಡು ತುದಿಯಲ್ಲಿ ಸುಮ್ನೆ ಕೂತ ಬೀಮಿನ ಉದ್ದ, ಕಂಬಿಯವರೆಗಿನ ಎತ್ತರದ 20 ಪಟ್ಟು ಮೀರಬಾರದು. ಕಂಬಿ ಎಷ್ಟಿದೆ ಎಂಬುದರ ಮೇಲೆ ಈ 20 ಸ್ವಲ್ಪ ಏರಿಳಿಯುತ್ತದೆ. ಪಿಲ್ಲರ್ ನಡುವಿಂದ ನಡುವಿಗೆ ನಿಮ್ಮ ಉದ್ದ 225 ಇಂಚು. ಎತ್ತರದ ಬೀಮಿಗೆ ಅದು 14 ಪಟ್ಟು. ಮಲಗಿಸಿದ್ದಕ್ಕೆ 30 ಪಟ್ಟು.

ಪೊನ್ನಂಪೇಟೆ ಮರಗೆಲಸ:
ನಾನು ಕಾಂಕ್ರೀಟಿನವನಲ್ಲ, ಆದರೆ ನಮ್ಮ ಕೆಲಸದಲ್ಲಿ ಇದು ದಿನಾ ಕಾಣುವ ವಿಷಯ. ನಾಲ್ಕಿಂಚು ಅಗಲ, ಒಂದಿಂಚು ದಪ್ಪದ ಸಿಲ್ವರ್ ಓಕ್ ಹಲಗೆಯನ್ನು ಎರಡು ಕಲ್ಲಿನ ಮೇಲೆ ಮಲಗಿಸಿ, ನಡುವೆ ನಿಲ್ಲಿ. ಆಮೇಲೆ ಅದನ್ನೇ ಅಂಚಿನ ಮೇಲೆ ನಿಲ್ಲಿಸಿ, ಪಕ್ಕಕ್ಕೆ ಬೀಳದಂತೆ ಯಾರಾದರೂ ಹಿಡಿದುಕೊಳ್ಳಲಿ, ಮತ್ತೆ ಭಾರ ಹಾಕಿ. ನಿಮ್ಮ ಅಪ್ಪನಿಗೆ ಇದನ್ನು ತೋರಿಸಿ, ಮಾತೇ ಬೇಡ. ಹಳೇ ಐನ್‌ಮನೆಗಳ ಅಟ್ಟದ ತೊಲೆ ನೋಡಿ, ಅಡ್ಡ ಮಲಗಿಸಿದ್ದು ನಾನಂತೂ ಕಂಡಿಲ್ಲ.

ಮಡಿಕೇರಿ ಸ್ಟ್ರಕ್ಚರ್:
ಚೆನ್ನಾಗಿ ಹೇಳಿದಿರಿ ಅಣ್ಣ. ನಿಮ್ಮ ಹಲಗೆಯಲ್ಲಿ ವ್ಯತ್ಯಾಸ 16 ಪಟ್ಟು. ಪಕ್ಕಕ್ಕೆ ಬೀಳದಂತೆ ಹಿಡಿಯಬೇಕು ಅಂದಿರಲ್ಲ, ಅದೂ ಮುಖ್ಯ. ಇವರ ಮನೆಯಲ್ಲಿ ಆ ಕೆಲಸವನ್ನು ಸ್ಲ್ಯಾಬ್ ಮಾಡುತ್ತದೆ.

ಶನಿವಾರಸಂತೆ ತೋಟ:
ನಮ್ಮದೂ ಇದೇ ಸಮಸ್ಯೆ. ಪೋರ್ಟಿಕೋ 5 ಅಡಿ ಮುಂದಕ್ಕೆ ಚಾಚಿದೆ, ಮುಂದುಗಡೆ ಕಂಬ ಇಲ್ಲ. ಅಡಿಗೆ ಒಂದಿಂಚು ಲೆಕ್ಕದಲ್ಲೇ 6 ಇಂಚಿನ ಬೀಮ್ ಕೊಟ್ಟಿದ್ದರು. ತುದಿ ಇಳಿದಿದೆ, ಮಳೆನೀರು ಅಲ್ಲೇ ನಿಲ್ಲುತ್ತದೆ. ಕೆಳಗಿನಿಂದ ಇನ್ನೊಂದು ಪದರ ಕಾಂಕ್ರೀಟ್ ಹೊಡೆಸಿ ಎತ್ತರ ಮಾಡಿದರೆ ಸರಿಹೋಗುತ್ತಾ?

ಮಡಿಕೇರಿ ಸ್ಟ್ರಕ್ಚರ್:
ಇಲ್ಲ, ನಿಮ್ಮದು ಬೇರೆ ಸಮಸ್ಯೆ. ಅಡಿಗೆ ಒಂದಿಂಚು ಅನ್ನುವುದು ಎರಡೂ ತುದಿಯಲ್ಲಿ ಆಧಾರ ಇರುವ ಬೀಮಿಗೆ. ಚಾಚಿದ ಬೀಮಿಗೆ ಆಧಾರ ಒಂದೇ ಕಡೆ, ಅದಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು ಬೇಕು. ಐಎಸ್ 456ರಲ್ಲಿ ಇದಕ್ಕೆ 20ರ ಬದಲು 7 ಇದೆ. 5 ಅಡಿಗೆ ಗೋಡೆಯ ಹತ್ತಿರ 10 ಇಂಚಾದರೂ ಇರಬೇಕಿತ್ತು. ಅಲ್ಲಿ ಎಳೆತ ಮೇಲ್ಭಾಗದಲ್ಲಿ, ಕಂಬಿಯೂ ಮೇಲೇ ಇರಬೇಕು. ಕೆಳಗೆ ಸುಮ್ನೆ ಕಾಂಕ್ರೀಟ್ ಹೊಡೆಸಿದರೆ ಅದು ಹಳೆಯದಕ್ಕೆ ಸೇರಿ ಕೆಲಸ ಮಾಡುವುದಿಲ್ಲ, ತೂಕ ಮಾತ್ರ ಹೆಚ್ಚುತ್ತದೆ. ಸದ್ಯಕ್ಕೆ ತುದಿಗೆ ಜಾಕಿ ಕೊಡಿ. ಗೋಡೆಯ ಹತ್ತಿರ ಮೇಲ್ಗಡೆ ಬಿರುಕಿದೆಯಾ ನೋಡಿ, ಯಾರಾದರೂ ಇಂಜಿನಿಯರ್ ಬಂದು ನೋಡುವವರೆಗೆ ಅದರಡಿ ಯಾರೂ ಕೂರುವುದು ಬೇಡ. ಬೇರೆ ಚರ್ಚೆ ತೆರೆದು ಫೋಟೋ ಹಾಕಿ.

ಮೂರ್ನಾಡು ಹೊಸಮನೆ:
ಮೇಡಂ, ಎರಡು ಅನುಮಾನ. 18 ಇಂಚು ಅಂದರೆ ಸ್ಲ್ಯಾಬ್ ಸೇರಿಯಾ, ಸ್ಲ್ಯಾಬ್ ಕೆಳಗಾ? ಮೇಸ್ತ್ರಿ "ಸ್ಲ್ಯಾಬ್ ಕೆಳಗೆ ಒಂದೂವರೆ ಅಡಿ ನೇತಾಡುತ್ತೆ" ಅಂತ ಅಪ್ಪನನ್ನು ಹೆದರಿಸಿದ್ದಾರೆ. ಇನ್ನೊಂದು, ಖರ್ಚು ಜಾಸ್ತಿ ಆಗುತ್ತಾ?

ಮಡಿಕೇರಿ ಸ್ಟ್ರಕ್ಚರ್:
ಸ್ಲ್ಯಾಬ್ ಸೇರಿ 18. ಬೀಮ್ ಮತ್ತು ಸ್ಲ್ಯಾಬ್ ಒಟ್ಟಿಗೇ ಕಾಂಕ್ರೀಟ್ ಆಗುವುದರಿಂದ 5 ಇಂಚು ಸ್ಲ್ಯಾಬಿನೊಳಗೇ ಇದೆ. ಕೆಳಗೆ ಕಾಣುವುದು 13 ಇಂಚು. ನೆಲದಿಂದ ಸ್ಲ್ಯಾಬಿಗೆ 10 ಅಡಿ ಇದ್ದರೆ ಬೀಮ್ ಕೆಳಗೆ 8 ಅಡಿ 11 ಇಂಚು ಉಳಿಯುತ್ತದೆ. ನಿಮ್ಮ ಬಾಗಿಲು ಹೇಗೂ 7 ಅಡಿ. ಯಾರ ತಲೆಗೂ ತಾಗುವುದಿಲ್ಲ. ಅದು ಹಾಲ್ ಮತ್ತು ಊಟದ ಜಾಗದ ಗಡಿಯಲ್ಲೇ ಬರುವುದರಿಂದ ನನ್ನ ಕಣ್ಣಿಗಂತೂ ಕೆಟ್ಟದಾಗಿ ಕಾಣುವುದಿಲ್ಲ.

ಖರ್ಚಿನ ಮಾತು. "ಅದೇ ಕಾಂಕ್ರೀಟ್" ಅನ್ನುವುದು ಪೂರ್ತಿ ನಿಜವಲ್ಲ. ಸ್ಲ್ಯಾಬ್ ಕೆಳಗಿನ ಭಾಗ ಮಾತ್ರ ಲೆಕ್ಕ ಹಾಕಿದರೆ ಎತ್ತರದ ಬೀಮಿಗೆ 6 ಘನ ಅಡಿಯಷ್ಟು ಕಾಂಕ್ರೀಟ್ ಹೆಚ್ಚು ಬೇಕು, ಪಕ್ಕದ ಹಲಗೆಯೂ ಜಾಸ್ತಿ. ಆದರೆ 20 ಎಂಎಂ ನಾಲ್ಕು ಕಂಬಿ ಉಳಿಯುತ್ತದೆ, ಅದು ಸುಮಾರು 60 ಕಿಲೋ. ನಿಮ್ಮಲ್ಲಿ ಸಿಗುವ ದರ ಹಾಕಿ ನೋಡಿ, ಎತ್ತರದ್ದೇ ಅಗ್ಗ.

ಕುಶಾಲನಗರ ಸೈಟ್:
ಬೀಮನ್ನು ಸ್ಲ್ಯಾಬಿನ ಮೇಲಕ್ಕೆ ಎತ್ತಿಬಿಟ್ಟರೆ? ಕೆಳಗೆ ಪೂರಾ ಸಮತಟ್ಟು. ನಮ್ಮ ಕಡೆ ಹೇಗೂ ಟೆರೇಸ್ ಮೇಲೆ ಶೀಟ್ ಹಾಕುತ್ತಾರೆ, ಮಳೆ ಬೀಳಲ್ಲ.

ಮಡಿಕೇರಿ ಸ್ಟ್ರಕ್ಚರ್:
ಇದು ಒಳ್ಳೆಯ ದಾರಿ, ಶೀಟ್ ಇರುವ ಮನೆಗೆ ಮಾತ್ರ. ಇಲ್ಲದಿದ್ದರೆ ನೀರು ಬೀಮಿಗೆ ತಡೆದು ನಿಲ್ಲುತ್ತದೆ. ಆದರೆ ಮೇಲಕ್ಕೆ ಎತ್ತಿದರೆ 18 ಇಂಚು ಸಾಲದು. ಕೆಳಗಿರುವ ಬೀಮಿಗೆ ಅದುಮುವ ಭಾಗದಲ್ಲಿ ಇಡೀ ಸ್ಲ್ಯಾಬ್ ಸಹಾಯಕ್ಕೆ ಬರುತ್ತದೆ. ಎತ್ತಿದ ಬೀಮಿಗೆ ಅಲ್ಲಿರುವುದು ಬರೀ 9 ಇಂಚಿನ ಅಗಲ. 21 ಇಂಚಾದರೂ ಬೇಕಾಗುತ್ತದೆ. ಸ್ಲ್ಯಾಬ್ ಕಂಬಿ ಬೀಮಿನ ಕೆಳ ಕಂಬಿಯ ಮೇಲೆ ಹಾದು ರಿಂಗ್‌ನೊಳಗೆ ಕೂರಬೇಕು, ಯಾಕೆಂದರೆ ಸ್ಲ್ಯಾಬ್ ಇಲ್ಲಿ ಬೀಮಿಗೆ ನೇತುಹಾಕಿದ ಹಾಗೆ.

ಮೂರ್ನಾಡಿನವರೇ, ಟೆರೇಸ್ ಮೇಲೆ ಮುಂದೆ ರೂಮ್ ಕಟ್ಟುವ ಯೋಚನೆ ಇದೆಯಾ?

ಮೂರ್ನಾಡು ಹೊಸಮನೆ:
ತಮ್ಮನಿಗೆ ಮೇಲೆ ಎರಡು ಕೋಣೆ ಮಾಡಬೇಕು ಅಂತ ಅಪ್ಪನ ಆಸೆ. ಗೋಡೆ ಈ ಬೀಮ್ ಮೇಲೆ ಬರುತ್ತಾ ಇಲ್ವಾ ಅಂತ ಇನ್ನೂ ಯೋಚಿಸಿಲ್ಲ.

ಮಡಿಕೇರಿ ಸ್ಟ್ರಕ್ಚರ್:
ಹಾಗಿದ್ದರೆ ಎತ್ತಿದ ಬೀಮ್ ಬಿಟ್ಟುಬಿಡಿ, ಮೇಲಿನ ಕೋಣೆಯ ನೆಲದಲ್ಲಿ ಎದ್ದು ನಿಲ್ಲುತ್ತದೆ. ಗೋಡೆಯ ವಿಷಯ ಕಾಂಕ್ರೀಟಿಗೆ ಮೊದಲೇ ತೀರ್ಮಾನ ಆಗಬೇಕು. 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ 10 ಅಡಿ ಎದ್ದರೆ ಮೀಟರಿಗೆ ಇನ್ನೊಂದು ಟನ್. 2.4 ಇದ್ದದ್ದು 3.4 ಆಯಿತು. ಅದರ ಮೇಲಿನ ಸ್ಲ್ಯಾಬ್ ಬೇರೆ. ಅಡಿಗೆ ಒಂದಿಂಚು ಅನ್ನುವ ಲೆಕ್ಕಕ್ಕೆ ಈ ಗೋಡೆ ಗೊತ್ತಿಲ್ಲ. ಆಗ 21 ಅಥವಾ 24 ಇಂಚಿಗೆ ಹೋಗಬೇಕಾಗಬಹುದು, ಪಿಲ್ಲರ್ ಮತ್ತು ಪಾಯ ಅದನ್ನು ಹೊರುತ್ತವಾ ಅಂತಲೂ ನೋಡಬೇಕು. ಅದನ್ನು ಇಲ್ಲಿ ಕೂತು ಹೇಳಲು ಆಗುವುದಿಲ್ಲ. ಡ್ರಾಯಿಂಗ್ ಕೊಟ್ಟವರನ್ನು ಹೇಗಾದರೂ ಹಿಡಿಯಿರಿ.

ಮೂರ್ನಾಡು ಹೊಸಮನೆ:
ನಾಳೆ ಅವರ ಮನೆಗೇ ಹೋಗುತ್ತೇನೆ. ಮೇಸ್ತ್ರಿಗೆ ಬೀಮಿನ ಪೆಟ್ಟಿಗೆ ಬಿಚ್ಚಿ 13 ಇಂಚು ಇಳಿಸೋಕೆ ಹೇಳಿದ್ದೇನೆ. ಗೋಡೆ ಅಲ್ಲಿ ಬರುತ್ತೆ ಅಂದರೆ ಇನ್ನೂ ಇಳಿಸಬೇಕಾಗುತ್ತದೆ. ಕಾಂಕ್ರೀಟ್ ಆದ ಮೇಲೆ ಜಾಕಿ ಎಷ್ಟು ದಿನ ಬಿಡಬೇಕು? ಮೇಸ್ತ್ರಿ ಏಳು ದಿನ ಸಾಕು ಅನ್ನುತ್ತಿದ್ದಾರೆ.

ಮಡಿಕೇರಿ ಸ್ಟ್ರಕ್ಚರ್:
6 ಮೀಟರ್ ಒಳಗಿನ ಬೀಮಿಗೆ ಕನಿಷ್ಠ 14 ದಿನ. ನಿಮ್ಮದು ಐದೂವರೆ ಮೀಟರ್ ದಾಟಿದೆ, ಮಳೆ ಚಳಿಯೂ ಇರುತ್ತದೆ. ನಾನಾದರೆ 21 ದಿನ ಬಿಡುತ್ತೇನೆ. ಎಳೆಯ ಕಾಂಕ್ರೀಟ್ ಮೇಲೆ ಬೇಗ ಭಾರ ಬಿದ್ದರೆ ಎತ್ತರದ ಬೀಮ್ ಕೂಡ ಜೋಲುತ್ತದೆ. ಜಾಕಿ ತೆಗೆಯುವ ಮೊದಲು ಪಿಲ್ಲರ್‌ನಿಂದ ಪಿಲ್ಲರ್‌ಗೆ ಬೀಮಿನ ತಳದಲ್ಲಿ ದಾರ ಬಿಗಿದು ನಡುವಿನ ಅಂತರ ಬರೆದಿಟ್ಟುಕೊಳ್ಳಿ. ತೆಗೆದ ಮೇಲೆ ಮತ್ತೆ ಅಳೆಯಿರಿ, ವರ್ಷ ಕಳೆದ ಮೇಲೂ ಅಳೆಯಿರಿ. ಒಟ್ಟು ಇಳಿತ 22 ಎಂಎಂ ದಾಟಬಾರದು.

ಕುಶಾಲನಗರ ಸೈಟ್:
ಏಳು ಕಂಬಿ ಹಾಕಿ ಎತ್ತರ 12 ಇಂಚು ಮಾಡಿದರೆ ನಡೆಯುತ್ತೆ ಅಂತ ನನಗೆ ಈಗಲೂ ಅನ್ನಿಸುತ್ತದೆ ಮೇಡಂ. ಬಿಡುವಾದಾಗ ಆ ಲೆಕ್ಕವನ್ನೂ ಹಾಕಿ ತೋರಿಸಿ.