ಬಿಲ್‌ಗೆ ಇನ್ನೊಂದು ಸಾಮಾನು ಸೇರಬೇಕಾದರೆ ಅಂಗಡಿ ಹೇಗಿರಬೇಕು?

ಕೇಳಿದವರು: ನಮ್ಮದು ಬಡಾವಣೆಯ ಸಣ್ಣ ಸೂಪರ್‌ಮಾರ್ಕೆಟ್. ಜನ ಚೆನ್ನಾಗಿ ಬರುತ್ತಾರೆ, ಒಂದೆರಡು ಸಾಮಾನು ಹಿಡಿದು ಹೊರಟುಬಿಡುತ್ತಾರೆ. ಶೆಲ್ಫ್ ಮತ್ತು ಬಿಲ್ಲಿಂಗ್ ಕೌಂಟರ್ ಹೇಗೆ ಜೋಡಿಸಿದರೆ ಬಿಲ್ ದೊಡ್ಡದಾಗುತ್ತದೆ?

ಮೊದಲ ಉತ್ತರ: ಹಾಲು, ಬ್ರೆಡ್ ಎಲ್ಲ ಹಿಂದಿನ ಗೋಡೆಗೆ ಹಾಕಿ. ಇಡೀ ಅಂಗಡಿ ದಾಟಿ ಹೋಗಲೇಬೇಕು, ದಾರಿಯಲ್ಲಿ ಏನಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಎರಡನೆಯವರು: ದೊಡ್ಡ ಅಂಗಡಿಗೆ ಅದು ಸರಿ. ಬಡಾವಣೆಯ ಅಂಗಡಿಗೆ ಜನ ಬರುವುದೇ ಬೇಗ ಮುಗಿಯುತ್ತದೆ ಅಂತ. ಸುಮ್ನೆ ಸುತ್ತಿಸಿದರೆ ಬೇಸರವಾಗುತ್ತದೆ.

ನಾನು ಮೊದಲು ನೋಡಿದ್ದು ಕೈಗಳನ್ನು. ಬಾಗಿಲಲ್ಲಿ ಬುಟ್ಟಿ ಇಟ್ಟಿದ್ದೆ. ಒಂದೇ ಸಾಮಾನು ಸಾಕು ಅಂದುಕೊಂಡು ಒಳಗೆ ಬಂದವರು ಅದನ್ನು ಮುಟ್ಟುತ್ತಿರಲಿಲ್ಲ. ಎರಡು ಕೈ ತುಂಬಿದ ಕೂಡಲೇ ಕೌಂಟರ್ ಕಡೆ ತಿರುಗುತ್ತಿದ್ದರು. ಆಮೇಲೆ ಅಂಗಡಿಯ ನಡುವೆ, ಸಾಬೂನಿನ ಸಾಲಿನ ತುದಿಯಲ್ಲಿ, ಇನ್ನೊಂದು ಬುಟ್ಟಿ ರಾಶಿ ಇಟ್ಟೆ. ಕೈ ತುಂಬುವ ಜಾಗ ಅದೇ ಆಗಿತ್ತು. ಬೇರೆ ಯಾವ ಬದಲಾವಣೆಗಿಂತ ಇದೇ ಜಾಸ್ತಿ ಕೆಲಸ ಮಾಡಿತು.

ನಂತರ ಜೋಡಿ ಸಾಮಾನು. ಟೂತ್‌ಪೇಸ್ಟ್ ಇರುವ ನೂರು ಹಳೆಯ ಬಿಲ್ ತೆಗೆದು ನೋಡಿದೆ. ಬ್ರಷ್ ಇದ್ದದ್ದು ಎಂಟರಲ್ಲಿ ಮಾತ್ರ. ಬ್ರಷ್ ಎದುರಿನ ಸಾಲಿನಲ್ಲಿ, ಕೆಳಗಿನ ಶೆಲ್ಫಿನಲ್ಲಿತ್ತು. ಅದನ್ನು ಪೇಸ್ಟ್ ಪಕ್ಕದಲ್ಲೇ ಕಣ್ಣಿನ ಮಟ್ಟಕ್ಕೆ ತಂದು ಎರಡು ವಾರ ಬಿಟ್ಟು ಮತ್ತೆ ಎಣಿಸಿದರೆ ಹದಿನೇಳು. ಆ ಎರಡು ವಾರ ಬೇರೇನನ್ನೂ ಮುಟ್ಟಲಿಲ್ಲ. ಮುಟ್ಟಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುತ್ತಿರಲಿಲ್ಲ.

ಮೂರನೆಯವರು: ನಮ್ಮ ಕೌಂಟರ್ ಹತ್ತಿರ ಚಾಕೊಲೇಟ್, ಬ್ಯಾಟರಿ, ಚ್ಯೂಯಿಂಗ್ ಗಮ್ ಎಲ್ಲ ತುಂಬಿಸಿದ್ದೆವು. ಬಿಲ್ ಮಾಡಲು ಸಾಮಾನು ಇಡುವುದಕ್ಕೇ ಜಾಗ ಇರಲಿಲ್ಲ, ಸಾಲು ಉದ್ದವಾಯಿತು. ಕೆಲವರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೋದರು. ಬಿಲ್ಲಿಂಗ್ ಬೇಗ ಮಾಡುವುದು ಹೇಗೆ ಅಂತ ನಾನೂ ಕೇಳಬೇಕಿತ್ತು.

ಎರಡನೆಯವರು: ಅದು ಬೇರೆ ಪ್ರಶ್ನೆ, ಆದರೆ ಕಾರಣ ಇಲ್ಲೇ ಇದೆ. ಕೌಂಟರ್ ಮೇಲೆ ಏನೂ ಬೇಡ. ಸಾಲಿನಲ್ಲಿ ನಿಂತವರ ಪಕ್ಕಕ್ಕೆ ಒಂದು ಕಿರಿದಾದ ಸ್ಟ್ಯಾಂಡ್ ಸಾಕು. ಚಿಕ್ಕದು, ಯೋಚಿಸದೆ ತಗೊಳ್ಳುವಂಥದ್ದು, ಮನೆಯಲ್ಲಿ ಮುಗಿದದ್ದು ನೆನಪಿಗೆ ಬರುವಂಥದ್ದು ಮಾತ್ರ. ಬ್ಯಾಟರಿಗೆ ಅದು ಸರಿಯಾದ ಜಾಗ. ಮಕ್ಕಳ ಕೈಗೆ ಎಟಕುವಲ್ಲಿ ಚಾಕೊಲೇಟ್ ಇಟ್ಟರೆ ಮಾರಾಟ ಆಗುತ್ತದೆ, ಆದರೆ ತಾಯಂದಿರು ಸಿಟ್ಟಾಗುವುದನ್ನು ಕಂಡು ನಾನು ಮೇಲೆತ್ತಿದೆ.

ಮೊದಲ ಉತ್ತರದವರು: ಹಾಲಿನ ವಿಷಯ ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಹಿಂದೆ ಇಟ್ಟರೂ ಯಾರೂ ಬರುವುದು ಬಿಟ್ಟಿಲ್ಲ.

ಎರಡನೆಯವರು: ಬರುವುದು ಬಿಟ್ಟವರು ಬಿಲ್‌ನಲ್ಲಿ ಕಾಣುವುದಿಲ್ಲ ಅಲ್ವಾ? ದಿನದ ಬಿಲ್‌ಗಳ ಸಂಖ್ಯೆಯನ್ನೂ ಜೊತೆಗೆ ನೋಡಿ. ಒಂದೊಂದು ಬಿಲ್ ದೊಡ್ಡದಾಗಿ, ಬಿಲ್‌ಗಳೇ ಕಡಿಮೆಯಾದರೆ ಚಿಲ್ಲರೆ ಗಿರಾಕಿ ಬೇರೆ ಕಡೆ ಹೋದರು ಅಂತ ಅರ್ಥ.

ಕೇಳಿದವರು: ನಾಳೆ ಬೆಳಿಗ್ಗೆ ಕೈಗಳನ್ನೇ ನೋಡುತ್ತೇನೆ. ನಮ್ಮ ಸಾಲುಗಳು ಇಕ್ಕಟ್ಟು, ನಡುವೆ ಬುಟ್ಟಿ ಇಟ್ಟರೆ ಇಬ್ಬರು ದಾಟಲು ಆಗುತ್ತದೆಯೋ ಇಲ್ಲವೋ ಅಳೆದು ಹೇಳುತ್ತೇನೆ.